‘ಡಿಸೆಬಿಲಿಟಿ ಇದೆಯೇ?’ ಎಂಬ ಕಾಲಂ: ಬ್ರಿಟನ್ನಿಗೆ ಓದಲು ಹೋಗುವವರು ಹೊರಡುವ ಮೊದಲೇ ತಿಳಿಯಬೇಕಾದದ್ದು



ನಮ್ಮ ಟ್ರಸ್ಟಿನ ನೆರವಿನಿಂದ ಇಂಗ್ಲೆಂಡಿಗೆ ಎಂ.ಎಸ್ಸಿ. ಓದಲು ಹೋದ ಒಬ್ಬ ವಿದ್ಯಾರ್ಥಿನಿ ಜನವರಿ ಪರೀಕ್ಷೆಯ ಒಂದು ವಿಷಯದಲ್ಲಿ 41 ಅಂಕ ಪಡೆದು ಅನುತ್ತೀರ್ಣಳಾದಳು. ಅಲ್ಲಿ ಪಾಸಾಗಲು 50 ಬೇಕು. ಇಲ್ಲಿ ಪದವಿಯಲ್ಲಿ ಡಿಸ್ಟಿಂಕ್ಷನ್ ಪಡೆದವಳು ಹೀಗೇಕೆ ಮಾಡಿಕೊಂಡಳು ಎಂದು ಸಮಿತಿಯ ಸಭೆಯಲ್ಲಿ ಇಬ್ಬರು ದಾನಿಗಳು ಕೇಳಿದರು. ಕೇಳುವುದು ಅವರ ಹಕ್ಕು. ಟ್ರಸ್ಟಿನ ಬಳಿ ಇರುವ ಹಣ ಅಮಾನತ್. ಆಕೆಯೊಡನೆ ಮಾತನಾಡಿದಾಗ ತಿಳಿದದ್ದು ಓದಿನ ಕೊರತೆಯಲ್ಲ. ಒಂದು ವರ್ಷದ ಹಿಂದೆ ನಮ್ಮದೇ ಕಚೇರಿಯ ಮೇಜಿನ ಮೇಲೆ ಅರ್ಜಿ ತುಂಬುವಾಗ ಒಂದು ಕಾಲಂನಲ್ಲಿ ‘ಇಲ್ಲ’ ಎಂದು ಬರೆದಿದ್ದೆವು. ಎಲ್ಲವೂ ಅಲ್ಲಿಂದ ಶುರುವಾಗಿತ್ತು. ಆಕೆಯ ಮತ್ತು ತಂದೆತಾಯಿಯ ಒಪ್ಪಿಗೆ ಪಡೆದು, ಹೆಸರು ಊರು ಬಿಟ್ಟು, ನಡೆದದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ಮುಂದೆ ಹೋಗುವ ಮಕ್ಕಳ ಮನೆಯವರು ಇದನ್ನು ಓದಲೇಬೇಕು ಎಂಬುದು ನಮ್ಮ ಕೋರಿಕೆ.

ಆಕೆಗೆ ಹನ್ನೊಂದನೇ ವಯಸ್ಸಿನಿಂದ ಟೈಪ್ 1 ಸಕ್ಕರೆ ಕಾಯಿಲೆ. ದಿನಕ್ಕೆ ನಾಲ್ಕು ಬಾರಿ ಇನ್ಸುಲಿನ್ ಚುಚ್ಚಿಕೊಳ್ಳಬೇಕು. ಅರ್ಜಿಯಲ್ಲಿ ‘ನಿಮಗೆ ಡಿಸೆಬಿಲಿಟಿ ಅಥವಾ ದೀರ್ಘಕಾಲದ ಕಾಯಿಲೆ ಇದೆಯೇ?’ ಎಂಬ ಪ್ರಶ್ನೆ ಬಂದಾಗ ತಾಯಿಯ ಮುಖ ಬಾಡಿತು. “ಅವಳು ಅಂಗವಿಕಲೆ ಅಲ್ಲವಲ್ಲ ಸರ್. ಇದನ್ನು ಬರೆದರೆ ಸೀಟು ಹೋಗುವುದಿಲ್ಲವಾ? ವೀಸಾ ಕೊಡುತ್ತಾರಾ?” ಎಂದು ಕೇಳಿದರು. ಅವರು ಹೇಳದೆ ಉಳಿಸಿಕೊಂಡ ಮೂರನೆಯ ಪ್ರಶ್ನೆ ನಮಗೂ ಗೊತ್ತಿತ್ತು: ನಾಳೆ ಸಂಬಂಧ ಕೂಡಿ ಬರುವಾಗ ಈ ಮಾತು ಊರಿಗೆಲ್ಲ ಹಬ್ಬಿದರೆ? ನಾವೂ ಹೆಚ್ಚು ವಿಚಾರಿಸದೆ ‘ಇಲ್ಲ’ ಎಂದು ಗುರುತು ಹಾಕಲು ಬಿಟ್ಟೆವು. ತಪ್ಪು ನಮ್ಮದು.

ತಾಯಿಯ ಮೊದಲ ಮಾತು ನಮ್ಮ ದೇಶದ ಲೆಕ್ಕದಲ್ಲಿ ಸರಿಯೇ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ 21 ಬಗೆಯ ವೈಕಲ್ಯಗಳಿವೆ. ಸಕ್ಕರೆ ಕಾಯಿಲೆ ಅದರಲ್ಲಿಲ್ಲ. ಆಕೆಗೆ ಇಲ್ಲಿ ಯುಡಿಐಡಿ ಕಾರ್ಡ್ ಸಿಗುವುದಿಲ್ಲ. ಬ್ರಿಟನ್ನಿನ ಕಾನೂನು ಬೇರೆ ದಾರಿಯಲ್ಲಿ ಯೋಚಿಸುತ್ತದೆ. ಅಲ್ಲಿನ 2010ರ ಈಕ್ವಾಲಿಟಿ ಆ್ಯಕ್ಟ್ ಕಾಯಿಲೆಗಳ ಪಟ್ಟಿ ಹಿಡಿದು ಕೂರುವುದಿಲ್ಲ. ದೇಹದ ಅಥವಾ ಮನಸ್ಸಿನ ತೊಂದರೆಯೊಂದು ದಿನನಿತ್ಯದ ಕೆಲಸಕ್ಕೆ ಗಣನೀಯವಾಗಿ ಅಡ್ಡಿ ಮಾಡುತ್ತದೆಯೇ, ಹನ್ನೆರಡು ತಿಂಗಳು ಅಥವಾ ಅದಕ್ಕಿಂತ ಹೆಚ್ಚು ಕಾಲ ಇರುವಂಥದ್ದೇ ಎಂದು ಮಾತ್ರ ಕೇಳುತ್ತದೆ. ಅದನ್ನು ಅಳೆಯುವಾಗ ಔಷಧಿಯ ಫಲವನ್ನು ಬದಿಗಿಡಬೇಕು. ಅಂದರೆ ‘ಇನ್ಸುಲಿನ್ ತೆಗೆದುಕೊಂಡರೆ ಚೆನ್ನಾಗಿರುತ್ತಾಳೆ’ ಎಂಬುದು ಲೆಕ್ಕಕ್ಕೆ ಬರುವುದಿಲ್ಲ. ಇನ್ಸುಲಿನ್ ಇಲ್ಲದಿದ್ದರೆ ಏನಾಗುತ್ತದೆ ಎಂಬುದೇ ಲೆಕ್ಕ. (ಕನ್ನಡಕಕ್ಕೆ ಈ ನಿಯಮವಿಲ್ಲ. ಕನ್ನಡಕ ಹಾಕಿದರೆ ದೃಷ್ಟಿ ಸರಿಯಾಗುವವರನ್ನು ಸೇರಿಸಿದರೆ ಅರ್ಧ ದೇಶವೇ ಬರುತ್ತದಲ್ಲ.) ಹೀಗಾಗಿ ಟೈಪ್ 1 ಸಕ್ಕರೆ ಕಾಯಿಲೆ, ಅಪಸ್ಮಾರ, ಕಿವಿ ಮಂದವಾಗಿರುವುದು, ಅಕ್ಷರ ಓದುವಲ್ಲಿ ತೊಡಕಾಗುವ ಡಿಸ್ಲೆಕ್ಸಿಯಾ, ವರ್ಷಗಟ್ಟಲೆ ಕಾಡುವ ಖಿನ್ನತೆ ಇವೆಲ್ಲ ಆ ಒಂದೇ ಕಾಲಂನೊಳಗೆ ಬರುತ್ತವೆ. ಅಲ್ಲಿ ‘ಹೌದು’ ಎನ್ನುವುದು ಅಂಗವಿಕಲೆ ಎಂಬ ಮುದ್ರೆ ಒತ್ತಿಸಿಕೊಂಡಂತೆ ಅಲ್ಲ. ‘ನನ್ನ ಬಗ್ಗೆ ನಿಮ್ಮ ಜವಾಬ್ದಾರಿ ಶುರುವಾಯಿತು’ ಎಂದು ವಿಶ್ವವಿದ್ಯಾಲಯಕ್ಕೆ ತಿಳಿಸಿದಂತೆ.

ಸೀಟು ಹೋಗುತ್ತದೆಯೇ? ಡಿಸೆಬಿಲಿಟಿಯ ಕಾರಣಕ್ಕೆ ಪ್ರವೇಶ ನಿರಾಕರಿಸುವುದು ಅದೇ ಕಾಯ್ದೆಯಲ್ಲಿ ನಿಷಿದ್ಧ. ವೀಸಾ? ವಿದ್ಯಾರ್ಥಿ ವೀಸಾಕ್ಕೆ ಭಾರತದಿಂದ ಹೋಗುವವರು ತರಬೇಕಾದ ಆರೋಗ್ಯ ದಾಖಲೆ ಕ್ಷಯರೋಗ ಇಲ್ಲವೆಂಬ ಪ್ರಮಾಣಪತ್ರ. ಸಕ್ಕರೆ ಕಾಯಿಲೆ ವೀಸಾಕ್ಕೆ ಅಡ್ಡಿಯಲ್ಲ. ಮಾತು ಹಬ್ಬುತ್ತದೆಯೇ? ವಿಶ್ವವಿದ್ಯಾಲಯದ ಡಿಸೆಬಿಲಿಟಿ ವಿಭಾಗ ವಿದ್ಯಾರ್ಥಿಯ ಒಪ್ಪಿಗೆಯಿಲ್ಲದೆ ಕಾಯಿಲೆಯ ಹೆಸರನ್ನು ಬೇರೆಯವರಿಗೆ ತಿಳಿಸುವುದಿಲ್ಲ. ಪರೀಕ್ಷಾ ವಿಭಾಗಕ್ಕೆ ಹೋಗುವ ಟಿಪ್ಪಣಿಯಲ್ಲಿ ‘ಈ ವಿದ್ಯಾರ್ಥಿಗೆ ವಿರಾಮ ಕೊಡಬೇಕು’ ಎಂದಷ್ಟೇ ಇರಬಹುದು, ಯಾಕೆ ಎಂದಿರಬೇಕಾಗಿಲ್ಲ. ಮನೆಗೆ ಕಾಗದ ಬರುವುದಿಲ್ಲ. ವಿದ್ಯಾರ್ಥಿ ವಯಸ್ಕಳಾದ್ದರಿಂದ ತಂದೆತಾಯಿ ಫೋನ್ ಮಾಡಿ ಕೇಳಿದರೂ ಹೇಳುವುದಿಲ್ಲ. ಇದು ಕೆಲವು ತಂದೆಯವರಿಗೆ ಬೇಸರ ತರಿಸಿದೆ, ಆದರೆ ನಿಯಮ ಹಾಗಿದೆ.

ಪರೀಕ್ಷೆಯ ದಿನ ನಡೆದದ್ದು ಹೀಗೆ. ಆಕೆಯ ತೋಳಿಗೆ ಅಂಟಿಸಿಕೊಳ್ಳುವ ಒಂದು ಸೆನ್ಸರ್ ಇದೆ. ಸಕ್ಕರೆ ಮಟ್ಟ ಕುಸಿದರೆ ಮೊಬೈಲಿನಲ್ಲಿ ಅಲಾರಾಂ ಹೊಡೆಯುತ್ತದೆ. ಪರೀಕ್ಷಾ ಹಾಲಿನಲ್ಲಿ ಮೊಬೈಲ್ ಬಂದ್ ಮಾಡಿ ಚೀಲದಲ್ಲಿಡಬೇಕು, ಚೀಲ ಗೋಡೆಯ ಬಳಿ. ಬಿಸ್ಕತ್ತು, ಜ್ಯೂಸ್ ಕೂಡ ಚೀಲದಲ್ಲೇ ಉಳಿದವು. ಎರಡು ಗಂಟೆಯ ಪರೀಕ್ಷೆಯಲ್ಲಿ ನಲವತ್ತು ನಿಮಿಷ ಕಳೆಯುವಷ್ಟರಲ್ಲಿ ಕೈ ನಡುಗಿತು, ಬೆವರಿತು, ಪ್ರಶ್ನೆಯ ಸಾಲನ್ನು ಮೂರು ಸಲ ಓದಿದರೂ ತಲೆಗೆ ಹೋಗಲಿಲ್ಲ. ಎದ್ದು ಹೋಗಿ ಮೇಲ್ವಿಚಾರಕರಿಗೆ ಹೇಳಿ ಜ್ಯೂಸ್ ಕುಡಿದಳು. ಅವರೇನೂ ಕೆಟ್ಟವರಲ್ಲ, ನೀರು ತಂದುಕೊಟ್ಟರು. ಆದರೆ ಅವರ ಪಟ್ಟಿಯಲ್ಲಿ ಆಕೆಯ ಹೆಸರಿನ ಮುಂದೆ ಏನೂ ಬರೆದಿರಲಿಲ್ಲ. ಗಡಿಯಾರ ನಿಲ್ಲಿಸುವ ಅಧಿಕಾರ ಅವರಿಗಿರಲಿಲ್ಲ.

ಸಕ್ಕರೆ ಮಟ್ಟ ಕುಸಿದಾಗ 15 ಗ್ರಾಮಿನಷ್ಟು ಬೇಗ ಕರಗುವ ಸಕ್ಕರೆ ತೆಗೆದುಕೊಂಡು 15 ನಿಮಿಷ ಕಾದು ಮತ್ತೆ ಪರೀಕ್ಷಿಸಬೇಕು ಎಂಬುದು ಈ ಕಾಯಿಲೆ ಇರುವ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ಸಂಖ್ಯೆ ಸರಿಹೋದ ಕೂಡಲೇ ತಲೆ ಸರಿಹೋಗುವುದಿಲ್ಲ ಎಂಬುದು ಅಷ್ಟಾಗಿ ಗೊತ್ತಿಲ್ಲ. ಬ್ರಿಟನ್ನಿನಲ್ಲಿ ಇನ್ಸುಲಿನ್ ತೆಗೆದುಕೊಳ್ಳುವವರಿಗಿರುವ ವಾಹನ ಚಾಲನೆಯ ನಿಯಮವನ್ನು ನೋಡಿ: ಸಕ್ಕರೆ ಮಟ್ಟ ಕುಸಿದವರು, ಅದು ಮಾಮೂಲಿಗೆ ಬಂದ ಮೇಲೂ 45 ನಿಮಿಷ ಕಾಯದೆ ಗಾಡಿ ಓಡಿಸುವಂತಿಲ್ಲ. ಮೆದುಳು ಚೇತರಿಸಿಕೊಳ್ಳಲು ಅಷ್ಟು ಹೊತ್ತು ಬೇಕು. ಗಾಡಿ ಓಡಿಸಲು ಬಾರದ ತಲೆಯಲ್ಲಿ ಸಂಖ್ಯಾಶಾಸ್ತ್ರದ ಲೆಕ್ಕ ಮಾಡಲು ಬರುತ್ತದೆಯೇ? ಹದಿನೈದು ನಿಮಿಷ ಮತ್ತು ನಲವತ್ತೈದು ನಿಮಿಷ ಸೇರಿದರೆ ಒಂದು ಗಂಟೆ. ಎರಡು ಗಂಟೆಯ ಪರೀಕ್ಷೆಯ ಅರ್ಧ ಹೋಯಿತು. 41 ಬಂದದ್ದೇ ಹೆಚ್ಚು.

ಮೊದಲೇ ತಿಳಿಸಿದ್ದರೆ ಆಕೆಗೆ ಸಿಗುತ್ತಿದ್ದುದು ದೊಡ್ಡದೇನಲ್ಲ. ಮೊಬೈಲನ್ನು ಮೇಲ್ವಿಚಾರಕರ ಮೇಜಿನ ಮೇಲೆ ಅಲಾರಾಂ ಕೇಳುವಂತೆ ಇಡುವುದು. ಗ್ಲುಕೋಸ್ ಮಾತ್ರೆ, ಜ್ಯೂಸ್, ಗ್ಲುಕೋಮೀಟರ್ ಬೆಂಚಿನ ಮೇಲಿರುವುದು. ಶೌಚಾಲಯದ ಬಳಿ ಚಿಕ್ಕ ಕೊಠಡಿ. ಮುಖ್ಯವಾಗಿ ಗಡಿಯಾರ ನಿಲ್ಲಿಸುವ ವಿರಾಮ. ಈ ವಿರಾಮವನ್ನು ‘ಹೆಚ್ಚುವರಿ ಸಮಯ’ದೊಡನೆ ಬೆರೆಸಬಾರದು. ಡಿಸ್ಲೆಕ್ಸಿಯಾ ಇರುವವರಿಗೆ ಸಾಮಾನ್ಯವಾಗಿ ಕೊಡುವುದು ಶೇಕಡ 25 ಹೆಚ್ಚುವರಿ ಸಮಯ, ಯಾಕೆಂದರೆ ಅವರಿಗೆ ಪರೀಕ್ಷೆಯುದ್ದಕ್ಕೂ ಓದು ನಿಧಾನ. ಸಕ್ಕರೆ ಕಾಯಿಲೆಯವರಿಗೆ ಓದು ನಿಧಾನವಲ್ಲ, ಮಧ್ಯೆ ಒಂದು ಹೊತ್ತು ಪೂರ್ತಿ ನಿಂತುಹೋಗುತ್ತದೆ. ಆ ಹೊತ್ತನ್ನು ಗಡಿಯಾರ ಎಣಿಸದಿದ್ದರೆ ಸಾಕು. ಯಾವುದು ಬೇಕೆಂದು ತಿಳಿದು ಕೇಳಿದರೆ ಸಿಗುವ ಸಾಧ್ಯತೆ ಹೆಚ್ಚು.

ಈ ಏರ್ಪಾಡುಗಳ ಖರ್ಚು ಯಾರದು ಎಂದು ದಾನಿಗಳು ಕೇಳಿದ್ದಾರೆ. ಬ್ರಿಟನ್ನಿನ ಸ್ವಂತ ವಿದ್ಯಾರ್ಥಿಗಳಿಗೆ ಸರ್ಕಾರ ‘ಡಿಸೇಬಲ್ಡ್ ಸ್ಟೂಡೆಂಟ್ಸ್ ಅಲೋಯನ್ಸ್’ ಎಂಬ ಧನಸಹಾಯ ಕೊಡುತ್ತದೆ. ವಿದ್ಯಾರ್ಥಿ ವೀಸಾದಲ್ಲಿ ಹೋದ ನಮ್ಮ ಮಕ್ಕಳಿಗೆ ಅದು ಸಿಗುವುದಿಲ್ಲ. ಇದನ್ನು ಎಲ್ಲೋ ಓದಿದ ಹಲವರು ‘ನಮಗೆ ಏನೂ ಇಲ್ಲ’ ಎಂದುಕೊಂಡು ಕೇಳುವುದನ್ನೇ ಬಿಡುತ್ತಾರೆ. ಆದರೆ ಈಕ್ವಾಲಿಟಿ ಆ್ಯಕ್ಟ್ ವಿಶ್ವವಿದ್ಯಾಲಯದ ಮೇಲೆ ಹೊರಿಸಿರುವ ಕರ್ತವ್ಯಕ್ಕೂ ಆ ಅಲೋಯನ್ಸಿಗೂ ಸಂಬಂಧವಿಲ್ಲ. ಸೂಕ್ತ ಏರ್ಪಾಡು ಮಾಡುವುದು, ಅದರ ಖರ್ಚನ್ನು ವಿದ್ಯಾರ್ಥಿಯ ಮೇಲೆ ಹಾಕದಿರುವುದು ಎರಡೂ ಕಾನೂನು, ಮತ್ತು ಅದರಲ್ಲಿ ಪಾಸ್‌ಪೋರ್ಟ್ ಯಾವ ದೇಶದ್ದು ಎಂಬ ಪ್ರಶ್ನೆ ಬರುವುದಿಲ್ಲ. ಇನ್ನೊಂದು ಹೆದರಿಕೆ ವೀಸಾ ಪತ್ರದಲ್ಲಿರುವ ‘ಸಾರ್ವಜನಿಕ ನಿಧಿ ಪಡೆಯುವಂತಿಲ್ಲ’ ಎಂಬ ಸಾಲಿನದು. ಅದು ಸರ್ಕಾರದ ಭತ್ಯೆಗಳ ಬಗ್ಗೆ. ವಿಶ್ವವಿದ್ಯಾಲಯ ಕೊಡುವ ಏರ್ಪಾಡೂ ಸರ್ಕಾರಿ ಆಸ್ಪತ್ರೆಯ ಚಿಕಿತ್ಸೆಯೂ ಆ ಸಾಲಿನೊಳಗೆ ಬರುವುದಿಲ್ಲ. ಆದರೆ ಒಂದು ಮಿತಿಯಿದೆ. ವಿಶ್ವವಿದ್ಯಾಲಯದ ಕರ್ತವ್ಯ ಓದಿಗೆ ಸಂಬಂಧಿಸಿದ್ದು. ಸ್ನಾನ, ಊಟ, ಬಟ್ಟೆ ಹಾಕಲು ದಿನವೂ ಒಬ್ಬ ಸಹಾಯಕರು ಬೇಕಾಗುವ ಮಕ್ಕಳ ಆ ಖರ್ಚನ್ನು ಅವರು ಕೊಡುವುದಿಲ್ಲ. ಅಂಥ ಅರ್ಜಿ ನಮ್ಮಲ್ಲಿಗೆ ಬಂದರೆ ಸೀಟು ಖಾತ್ರಿ ಮಾಡುವ ಮೊದಲೇ ಕುಳಿತು ಲೆಕ್ಕ ಹಾಕಬೇಕಾಗುತ್ತದೆ.

ಚಿಕಿತ್ಸೆಯ ಖರ್ಚು ಬೇರೆ ಬಾಬತ್ತು. ವೀಸಾ ಅರ್ಜಿಯೊಡನೆ ಕಟ್ಟುವ ಆರೋಗ್ಯ ಸರ್‌ಚಾರ್ಜ್ 2024ರ ಫೆಬ್ರುವರಿಯಿಂದ ವಿದ್ಯಾರ್ಥಿಗಳಿಗೆ ವರ್ಷಕ್ಕೆ 776 ಪೌಂಡ್. ಒಂದು ವರ್ಷದ ಎಂ.ಎಸ್ಸಿ.ಗೂ ವೀಸಾ ಅದಕ್ಕಿಂತ ಕೆಲವು ತಿಂಗಳು ಹೆಚ್ಚು ಇರುವುದರಿಂದ ಒಂದೂವರೆ ವರ್ಷದ್ದು ಕಟ್ಟಬೇಕಾಗುತ್ತದೆ: 1,164 ಪೌಂಡ್. ನಮ್ಮ ಲೆಕ್ಕಪತ್ರದಲ್ಲಿ ‘ಆರೋಗ್ಯ ಶುಲ್ಕ’ ಎಂದು ಕಾಣುವುದು ಇದೇ. ಇದಕ್ಕೆ ಪ್ರತಿಯಾಗಿ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್, ಅಲ್ಲಿನವರಿಗೆ ಕೊಡುವಂತೆಯೇ ಇವರಿಗೂ ಚಿಕಿತ್ಸೆ ಕೊಡುತ್ತದೆ. ನಮ್ಮ ವಿಮಾ ಕಂಪನಿಗಳಂತೆ ‘ಮೊದಲೇ ಇದ್ದ ಕಾಯಿಲೆ’ ಎಂದು ಹೊರಗಿಡುವುದಿಲ್ಲ. ಸೇವೆ ಬೇಕಿದ್ದರೆ ಹೋದ ವಾರವೇ ವಾಸದ ಹತ್ತಿರದ ಜಿ.ಪಿ. ಎಂಬ ಕುಟುಂಬ ವೈದ್ಯರ ಕ್ಲಿನಿಕ್‌ನಲ್ಲಿ ಹೆಸರು ನೋಂದಾಯಿಸಬೇಕು. ನೋಂದಣಿಗೆ ದುಡ್ಡಿಲ್ಲ. ಇಂಗ್ಲೆಂಡಿನಲ್ಲಿ ಔಷಧಿ ಚೀಟಿಯ ಪ್ರತಿ ಔಷಧಿಗೂ ನಿಗದಿತ ಶುಲ್ಕವಿದೆ, ಆದರೆ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಅದರಿಂದ ವಿನಾಯಿತಿ. FP92A ಎಂಬ ನಮೂನೆಯನ್ನು ಜಿ.ಪಿ. ಕ್ಲಿನಿಕ್‌ನಲ್ಲಿ ಕೇಳಿ ತುಂಬಿದರೆ ಐದು ವರ್ಷದ ಪ್ರಮಾಣಪತ್ರ ಬರುತ್ತದೆ. ಸ್ಕಾಟ್ಲೆಂಡ್, ವೇಲ್ಸ್‌ಗಳಲ್ಲಿ ಎಲ್ಲರಿಗೂ ಔಷಧಿ ಚೀಟಿ ಉಚಿತ. ನಮ್ಮ ವಿದ್ಯಾರ್ಥಿನಿ ಈ ನಮೂನೆಯ ವಿಷಯ ಗೊತ್ತಿಲ್ಲದೆ ನಾಲ್ಕು ತಿಂಗಳು ಕೈಯಿಂದ ದುಡ್ಡು ಕೊಟ್ಟಿದ್ದಳು.

ಇಲ್ಲೇ ಒಂದು ಎಚ್ಚರಿಕೆ ಬರೆಯದೆ ಮುಂದೆ ಹೋಗಲಾಗದು, ಯಾಕೆಂದರೆ ಇದು ಜೀವದ ಪ್ರಶ್ನೆ. ನಮ್ಮಲ್ಲಿ ಬಾಟಲಿಯಲ್ಲಿ ಬರುವ ಇನ್ಸುಲಿನ್ ಸಾಮಾನ್ಯವಾಗಿ ಒಂದು ಮಿ.ಲೀ.ಗೆ 40 ಯೂನಿಟ್‌ನದು, ಸಿರಿಂಜೂ ಅದಕ್ಕೆ ತಕ್ಕಂತೆ 40ರ ಗುರುತಿನದು. ಬ್ರಿಟನ್ನಿನಲ್ಲಿ ಸಿಗುವ ಮಾಮೂಲಿ ಇನ್ಸುಲಿನ್ ಮಿ.ಲೀ.ಗೆ 100 ಯೂನಿಟ್‌ನದು. ಊರಿಂದ ಒಯ್ದ ಹಳೆಯ ಸಿರಿಂಜಿನಲ್ಲಿ ಅಲ್ಲಿನ ಇನ್ಸುಲಿನ್ ಎಳೆದು ‘10’ ಎಂಬ ಗೆರೆಗೆ ನಿಲ್ಲಿಸಿದರೆ ದೇಹಕ್ಕೆ ಹೋಗುವುದು 25 ಯೂನಿಟ್. ಬಾಟಲಿ ಬಳಸುವ ಮಕ್ಕಳು ಹೊರಡುವ ಕೆಲವು ತಿಂಗಳ ಮೊದಲೇ ವೈದ್ಯರನ್ನು ಕೇಳಿ ಪೆನ್ನಿಗೆ ಬದಲಾಯಿಸಿಕೊಳ್ಳುವುದು ಕ್ಷೇಮ. ಪೆನ್ನಿನ ಕಾರ್ಟ್ರಿಜ್ ಇಲ್ಲಿಯೂ 100ರದೇ. ಅಳತೆಯ ಸಂಖ್ಯೆಯೂ ಬೇರೆ: ನಮ್ಮ ಮೀಟರಿನಲ್ಲಿ 180 ಎಂದು ಕಾಣುವುದು ಅಲ್ಲಿ 10, ಅಂದರೆ ನಮ್ಮದನ್ನು 18ರಿಂದ ಭಾಗಿಸಬೇಕು. ನಮ್ಮ 70 ಅಲ್ಲಿ 4ಕ್ಕಿಂತ ಚೂರು ಕಡಿಮೆ. ಅಲ್ಲಿನ ನರ್ಸ್ ‘ನಿನ್ನದು 9 ಇದೆ’ ಎಂದಾಗ ಗಾಬರಿಬಿದ್ದು ಸಕ್ಕರೆ ತಿನ್ನಬಾರದಲ್ಲ. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಕೂಡ ಹಾಗೆಯೇ: ನಮ್ಮ ಶೇಕಡ 7, ಅಲ್ಲಿ 53. ವಿಮಾನದಲ್ಲಿ ಇನ್ಸುಲಿನ್ ಕೈಚೀಲದಲ್ಲೇ ಇರಲಿ, ಕೆಳಗಿನ ಲಗೇಜಿನಲ್ಲಿ ಹೆಪ್ಪುಗಟ್ಟಿ ಕೆಡಬಹುದು.

ಈಗ ವೈದ್ಯರ ಪತ್ರದ ಮಾತು. ನಮ್ಮ ಅನುಭವದಲ್ಲಿ ಹೆಚ್ಚಿನ ಅರ್ಜಿಗಳು ತಡವಾಗುವುದು ಇಲ್ಲಿಯೇ. ಈ ವಿದ್ಯಾರ್ಥಿನಿಯ ಬಳಿ ಒಂದು ಪತ್ರವಿತ್ತು: ‘ಈಕೆ ಸಕ್ಕರೆ ಕಾಯಿಲೆಗೆ ನನ್ನಲ್ಲಿ ಚಿಕಿತ್ಸೆ ಪಡೆಯುತ್ತಿದ್ದು, ಆರೋಗ್ಯವಾಗಿದ್ದಾಳೆ, ವಿದೇಶದಲ್ಲಿ ವ್ಯಾಸಂಗ ಮಾಡಲು ಅರ್ಹಳು.’ ಒಳ್ಳೆಯ ಮನಸ್ಸಿನಿಂದ ಬರೆದದ್ದೇ. ಆದರೆ ಡಿಸೆಬಿಲಿಟಿ ವಿಭಾಗದವರಿಗೆ ಅದು ಏನನ್ನೂ ಹೇಳುವುದಿಲ್ಲ. ‘ಆರೋಗ್ಯವಾಗಿದ್ದಾಳೆ’ ಎಂಬ ಮಾತು ತಿರುಗುಬಾಣವೂ ಆಗಬಹುದು. ಅವರಿಗೆ ಬೇಕಾದದ್ದು ಕಾಯಿಲೆ ಯಾವುದು, ಯಾವ ವರ್ಷದಿಂದ ಇದೆ, ಮುಂದೆಯೂ ಇರುವಂಥದ್ದೇ, ಮತ್ತು ಓದಿನ ಮೇಲೆ ಅದರ ಪರಿಣಾಮವೇನು ಎಂಬುದು. ನಾವು ಬೇಡಿಕೊಂಡ ಮೇಲೆ ಅದೇ ವೈದ್ಯರು ಆಸ್ಪತ್ರೆಯ ಲೆಟರ್‌ಹೆಡ್‌ನಲ್ಲಿ ಇಂಗ್ಲಿಷಿನಲ್ಲಿ ಬರೆದುಕೊಟ್ಟ ಎರಡನೆಯ ಪತ್ರದ ಸಾರ ಇದು: ಹನ್ನೊಂದನೇ ವಯಸ್ಸಿನಿಂದ ಟೈಪ್ 1, ಜೀವಮಾನದ ಕಾಯಿಲೆ, ದಿನಕ್ಕೆ ನಾಲ್ಕು ಇನ್ಸುಲಿನ್, ವಾರದಲ್ಲಿ ಎರಡು ಮೂರು ಸಲ ಸಕ್ಕರೆ ಮಟ್ಟ ಕುಸಿಯುತ್ತದೆ, ಒತ್ತಡದ ದಿನಗಳಲ್ಲಿ ಹೆಚ್ಚು, ಆಗ ನಡುಕ, ಗೊಂದಲ, ಓದಿದ್ದು ತಿಳಿಯದಿರುವುದು, ಚೇತರಿಕೆಗೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ, ಪರೀಕ್ಷೆಯಲ್ಲಿ ಸೆನ್ಸರ್, ಆಹಾರ, ಗಡಿಯಾರ ನಿಲ್ಲಿಸುವ ವಿರಾಮ ಬೇಕು, ಕೊಠಡಿಯಲ್ಲಿ ಇನ್ಸುಲಿನ್ ಇಡಲು ಸ್ವಂತ ಫ್ರಿಜ್ ಬೇಕು. ಔಷಧಿಯ ಕಂಪನಿ ಹೆಸರಲ್ಲ, ಗ್ಲಾರ್ಜಿನ್, ಆಸ್ಪಾರ್ಟ್ ಎಂಬಂಥ ಮೂಲ ಹೆಸರು ಬರೆದಿದ್ದರು. ಒಂದೇ ಪುಟ. ವೈದ್ಯರ ನೋಂದಣಿ ಸಂಖ್ಯೆ, ಸಹಿ, ತಾರೀಕು.

ಡಿಸ್ಲೆಕ್ಸಿಯಾದಂಥ ಕಲಿಕೆಯ ತೊಡಕಿಗೆ ವೈದ್ಯರ ಪತ್ರ ಸಾಲದು. ಮನಶ್ಶಾಸ್ತ್ರಜ್ಞರು ಪರೀಕ್ಷೆಗಳನ್ನು ನಡೆಸಿ, ಓದುವ ವೇಗ, ನೆನಪು, ಬರವಣಿಗೆ ಇವುಗಳ ಅಂಕಗಳೊಡನೆ ಬರೆದ ಪೂರ್ಣ ವರದಿ ಕೇಳುತ್ತಾರೆ. ಅಲ್ಲಿಗೆ ಹೋದ ಮೇಲೆ ಖಾಸಗಿಯಾಗಿ ಮಾಡಿಸಿದರೆ ನೂರಾರು ಪೌಂಡ್ ಬೇಕು. ಇಲ್ಲಿಂದಲೇ ಮಾಡಿಸಿಕೊಂಡು ಹೋಗುವುದು ಜಾಣತನ. ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗಳಲ್ಲಿ ವಿಚಾರಿಸಬಹುದು. ಬೇರೆ ಕಡೆ ಮಾಡಿಸುವುದಾದರೆ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರೇ ಎಂದು ನೋಡಿಕೊಳ್ಳಿ. ಸರದಿ ತಿಂಗಳುಗಟ್ಟಲೆ ಇರಬಹುದು. ವರದಿ ಒಪ್ಪುತ್ತಾರೆಯೇ ಎಂದು ಆಯಾ ವಿಶ್ವವಿದ್ಯಾಲಯಕ್ಕೆ ಮೊದಲೇ ಇಮೇಲ್ ಮಾಡಿ ಕೇಳಿ. ಎಲ್ಲ ಕಡೆ ಒಂದೇ ನಿಯಮವಿಲ್ಲ.

ಜನವರಿಯ ನಂತರ ಏನಾಯಿತು? ಅನುತ್ತೀರ್ಣಳಾದ ವಿಷಯಕ್ಕೆ ಒಂದು ದಾರಿಯಿತ್ತು. ಅನಿರೀಕ್ಷಿತ ತೊಂದರೆಯಿಂದ ಪರೀಕ್ಷೆ ಕೆಟ್ಟವರು ಕೊಡುವ ಅರ್ಜಿ ಅದು. ಕೆಲವೆಡೆ ‘ಮಿಟಿಗೇಟಿಂಗ್ ಸರ್ಕಮ್‌ಸ್ಟಾನ್ಸಸ್’, ಕೆಲವೆಡೆ ‘ಎಕ್ಸ್‌ಟೆನ್ಯುಯೇಟಿಂಗ್’ ಎನ್ನುತ್ತಾರೆ. ಇದಕ್ಕೆ ಕೊಡುವ ಗಡುವು ತೀರಾ ಚಿಕ್ಕದು, ಹಲವು ಕಡೆ ಪರೀಕ್ಷೆಯಾದ ಕೆಲವೇ ದಿನಗಳು. ಆಕೆ ಫಲಿತಾಂಶ ಬಂದ ಮೇಲೆ ಎಚ್ಚೆತ್ತಳು, ತಡವಾಗಿತ್ತು. ಆದರೂ ಯಾಕೆ ತಡವಾಯಿತು ಎಂದು ವಿವರಿಸಿ, ಸೆನ್ಸರಿನಲ್ಲಿ ಉಳಿದಿದ್ದ ಆ ದಿನದ ಗ್ರಾಫನ್ನು ತೆಗೆದು ಲಗತ್ತಿಸಿದಳು. ಮೊಬೈಲ್ ಬಂದ್ ಆಗಿದ್ದರೂ ಸೆನ್ಸರ್ ತನ್ನೊಳಗೆ ಕೆಲವು ಗಂಟೆಯ ದಾಖಲೆ ಇಟ್ಟುಕೊಂಡು ಆಮೇಲೆ ಒಪ್ಪಿಸುತ್ತದೆ. ಬೆಳಿಗ್ಗೆ 10.10ರಿಂದ ಗೆರೆ ಕೆಳಗಿಳಿದದ್ದು ಸ್ಪಷ್ಟವಾಗಿ ಕಾಣುತ್ತಿತ್ತು. ಮೇಲ್ವಿಚಾರಕರೂ ತಮ್ಮ ವರದಿಯಲ್ಲಿ ಒಂದು ಸಾಲು ಬರೆದಿದ್ದರು. ಅಲ್‌ಹಮ್ದುಲಿಲ್ಲಾಹ್, ಆಗಸ್ಟಿನಲ್ಲಿ ಮೊದಲ ಪ್ರಯತ್ನವೆಂದೇ ಪರಿಗಣಿಸಿ ಮತ್ತೆ ಬರೆಯಲು ಬಿಟ್ಟರು. ಹಾಗಲ್ಲದೆ ಸಾಮಾನ್ಯ ಮರುಪರೀಕ್ಷೆಯಾಗಿದ್ದರೆ ಎಷ್ಟು ಚೆನ್ನಾಗಿ ಬರೆದರೂ ಪಾಸಿನ ಅಂಕ 50ಕ್ಕೇ ನಿಲ್ಲುತ್ತಿತ್ತು. ಇದನ್ನು ನೆನಪಿಡಿ: ಮೊದಲೇ ಗೊತ್ತಿರುವ ಕಾಯಿಲೆಗೆ ಡಿಸೆಬಿಲಿಟಿ ವಿಭಾಗದ ಏರ್ಪಾಡು, ಥಟ್ಟನೆ ಬಂದ ತೊಂದರೆಗೆ ಈ ಅರ್ಜಿ. ‘ನಿನಗೆ ಕಾಯಿಲೆ ಮೊದಲೇ ಗೊತ್ತಿತ್ತಲ್ಲ, ಯಾಕೆ ನೋಂದಾಯಿಸಲಿಲ್ಲ?’ ಎಂದು ಎರಡನೆಯ ಬಾಗಿಲಲ್ಲಿ ಕೇಳಿಯೇ ಕೇಳುತ್ತಾರೆ. ಆಕೆಯನ್ನೂ ಕೇಳಿದರು.

ಫೆಬ್ರುವರಿಯಲ್ಲಿ ಆಕೆ ಡಿಸೆಬಿಲಿಟಿ ವಿಭಾಗಕ್ಕೆ ಎರಡನೆಯ ಪತ್ರ ಕಳುಹಿಸಿದಳು. ಸಲಹೆಗಾರರೊಡನೆ ಅರ್ಧ ಗಂಟೆ ಮಾತು, ಆಮೇಲೆ ಒಂದು ‘ಸಪೋರ್ಟ್ ಪ್ಲಾನ್’ ತಯಾರಾಯಿತು. (ಇದನ್ನು ಸೀಟು ಖಾತ್ರಿಯಾದ ಕೂಡಲೇ ಊರಿನಲ್ಲೇ ಕುಳಿತು ವಿಡಿಯೋ ಕರೆಯಲ್ಲಿ ಮುಗಿಸಬಹುದಿತ್ತು.) ಮೇ ತಿಂಗಳ ಪರೀಕ್ಷೆಗೆ ಏರ್ಪಾಡು ಕೇಳಲು ವಾರಗಳ ಮೊದಲೇ ಗಡುವಿರುತ್ತದೆ, ಆಕೆ ಅದರೊಳಗಿದ್ದಳು. ಆದರೂ ಒಂದು ಸಲ ಎಡವಿತು. ವೈಯಕ್ತಿಕ ವೇಳಾಪಟ್ಟಿ ಬಂದಾಗ ಆಕೆಯ ಸ್ಥಳ ಎಲ್ಲರಂತೆ ದೊಡ್ಡ ಹಾಲ್ ಎಂದಿತ್ತು. ಪ್ಲಾನ್ ಪರೀಕ್ಷಾ ವಿಭಾಗಕ್ಕೆ ತಲುಪಿಲ್ಲ ಎಂಬುದರ ಗುರುತು ಅದೇ. ಮೂರು ಸಾಲಿನ ಇಮೇಲ್ ಬರೆದ ಮೇಲೆ ಬೇರೆ ಕೊಠಡಿ ಎಂದು ಬದಲಾಯಿತು. ಪರೀಕ್ಷೆಯ ಹಿಂದಿನ ದಿನ ಇದು ಗಮನಕ್ಕೆ ಬಂದಿದ್ದರೆ ಯಾರಿಗೂ ಏನೂ ಮಾಡಲಾಗುತ್ತಿರಲಿಲ್ಲ. ಮೇ ಪರೀಕ್ಷೆಯಲ್ಲಿ ಒಂದು ಸಲ ಸಕ್ಕರೆ ಮಟ್ಟ ಕುಸಿಯಿತು, ಗಡಿಯಾರ ನಿಂತಿತು, ಆಕೆ ಚೇತರಿಸಿಕೊಂಡು ಬರೆದು ಮುಗಿಸಿದಳು.

ರಮಝಾನ್ ಬಗ್ಗೆ ಹಲವು ಮನೆಯವರು ಕೇಳುತ್ತಾರೆ. ಟೈಪ್ 1 ಇರುವವರ ಉಪವಾಸ ವೈದ್ಯರ ದೃಷ್ಟಿಯಲ್ಲಿ ಹೆಚ್ಚು ಅಪಾಯದ್ದು, ರೋಗಿಗೆ ಶರೀಅತ್ತಿನಲ್ಲಿ ವಿನಾಯಿತಿಯೂ ಇದೆ. ಉಪವಾಸ ಹಿಡಿಯುವ ನಿರ್ಧಾರವನ್ನು ಮಗು ಅಲ್ಲಿ ಒಬ್ಬಂಟಿಯಾಗಿ ಮಾಡದಿರಲಿ; ಒಂದೆರಡು ತಿಂಗಳ ಮೊದಲೇ ವೈದ್ಯರನ್ನೂ ಉಲಮಾಗಳನ್ನೂ ಕೇಳಲಿ. ಪರೀಕ್ಷೆ ಹಬ್ಬದ ದಿನ ಬಿದ್ದರೆ ಅದಕ್ಕೆ ಧಾರ್ಮಿಕ ಕಾರಣದ ಅರ್ಜಿ ಬೇರೆ ಇರುತ್ತದೆ, ಅದು ಡಿಸೆಬಿಲಿಟಿ ವಿಭಾಗದ ಕೆಲಸವಲ್ಲ.

ಒಂದು ಕಡೆ ಮಾತ್ರ ನಮ್ಮ ಮಕ್ಕಳ ಸ್ಥಿತಿ ಅಲ್ಲಿನವರಿಗಿಂತ ಬೇರೆ. ಆರೋಗ್ಯ ಕೆಟ್ಟಾಗ ಅಲ್ಲಿನ ವಿದ್ಯಾರ್ಥಿ ಅರ್ಧಕಾಲಿಕ ಓದಿಗೆ ಬದಲಾಯಿಸಬಹುದು, ಒಂದು ವರ್ಷ ಬಿಟ್ಟು ಬರಬಹುದು. ವಿದ್ಯಾರ್ಥಿ ವೀಸಾದಲ್ಲಿರುವವರಿಗೆ ಓದೇ ವೀಸಾದ ಆಧಾರ. ಓದು ಸಾಮಾನ್ಯವಾಗಿ 60 ದಿನಕ್ಕಿಂತ ಹೆಚ್ಚು ನಿಂತರೆ ವಿಶ್ವವಿದ್ಯಾಲಯ ಪ್ರಾಯೋಜನೆಯನ್ನು ಹಿಂತೆಗೆದು ವಲಸೆ ಇಲಾಖೆಗೆ ತಿಳಿಸಬೇಕಾಗುತ್ತದೆ. ಆಮೇಲೆ ಊರಿಗೆ ಬಂದು ಹೊಸ ವೀಸಾ, ಹೊಸ ಸರ್‌ಚಾರ್ಜ್. ಡಿಸೆಬಿಲಿಟಿ ಸಲಹೆಗಾರರು ಒಳ್ಳೆಯ ಮನಸ್ಸಿನಿಂದ ‘ಸ್ವಲ್ಪ ಬಿಡುವು ತೆಗೆದುಕೋ’ ಎನ್ನಬಹುದು, ಅವರಿಗೆ ವೀಸಾ ವಿಷಯ ಗೊತ್ತಿರಬೇಕೆಂದಿಲ್ಲ. ಯಾವ ಬಿಡುವಿಗೂ ಸಹಿ ಹಾಕುವ ಮೊದಲು ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯಲ್ಲಿ ಕೇಳಬೇಕು, ನಮಗೂ ಒಂದು ಫೋನ್ ಮಾಡಬೇಕು.

ಏರ್ಪಾಡು ನಿರಾಕರಿಸಿದರೆ ಮೊದಲು ವಿಶ್ವವಿದ್ಯಾಲಯದೊಳಗೇ ಲಿಖಿತ ದೂರು. ಅದು ಮುಗಿದಾಗ ಅವರು ಕೊಡುವ ಅಂತಿಮ ಪತ್ರ ಹಿಡಿದು, ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಾದರೆ ಒಐಎ ಎಂಬ ಸ್ವತಂತ್ರ ಸಂಸ್ಥೆಗೆ 12 ತಿಂಗಳೊಳಗೆ ಹೋಗಬಹುದು. ವಿದ್ಯಾರ್ಥಿಗೆ ಖರ್ಚಿಲ್ಲ, ವಿದೇಶಿಯರಿಗೂ ತೆರೆದಿದೆ. ಇದುವರೆಗೆ ನಮ್ಮ ಮಕ್ಕಳಲ್ಲಿ ಯಾರಿಗೂ ಅಲ್ಲಿಯವರೆಗೆ ಹೋಗಬೇಕಾಗಿ ಬಂದಿಲ್ಲ.

ಈ ಸಾಲಿನ ವಿದೇಶ ವ್ಯಾಸಂಗದ ಅರ್ಜಿಯೊಡನೆ ಒಂದು ಬಿಡಿ ಹಾಳೆ ಇಟ್ಟಿದ್ದೇವೆ. ದೀರ್ಘಕಾಲದ ಕಾಯಿಲೆ, ಕಲಿಕೆಯ ತೊಡಕು, ನೋಡುವ ಕೇಳುವ ತೊಂದರೆ ಇದ್ದರೆ ಅದರಲ್ಲಿ ಬರೆದು ಲಕೋಟೆಯಲ್ಲಿ ಮುಚ್ಚಿ ಕೊಡಿ. ಆಯ್ಕೆ ಸಮಿತಿ ಅದನ್ನು ನೋಡುವುದಿಲ್ಲ; ಆಯ್ಕೆ ಮುಗಿದ ಮೇಲೆ ಕಾರ್ಯದರ್ಶಿಯವರೊಬ್ಬರೇ ತೆರೆಯುತ್ತಾರೆ. ವೈದ್ಯರಿಗೆ ಒಯ್ಯಲು ಪತ್ರದ ಇಂಗ್ಲಿಷ್ ಮಾದರಿಯೂ ಕಚೇರಿಯಲ್ಲಿ ಸಿಗುತ್ತದೆ. ಕಲಿಕೆಯ ತೊಡಕಿನ ಪರೀಕ್ಷೆಗೆ ಬೆಂಗಳೂರು, ಮೈಸೂರಿಗೆ ಹೋಗಿಬರುವ ಖರ್ಚನ್ನು ಈ ವರ್ಷದಿಂದ ವಿದ್ಯಾರ್ಥಿವೇತನದ ಲೆಕ್ಕದಲ್ಲೇ ಸೇರಿಸಲು ಸಮಿತಿ ಒಪ್ಪಿದೆ, ರಶೀದಿ ಇಟ್ಟುಕೊಳ್ಳಿ.